ರಜೆಯ ಜೊತೆಗೇ ಬದಲಿಯನ್ನೂ ಬರೆಯಿರಿ: ಮುಂಬಯಿ ಹೋಟೆಲಿನ ಸಿಬ್ಬಂದಿ ಕೈಪಿಡಿಗೆ ಒಂದು ಅಧ್ಯಾಯ

ಮಾರ್ಚ್ ಬಂತೆಂದರೆ ಹೋಟೆಲು ನಡೆಸುವವರಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಕಾವಲಿ ಮೇಲಿನ ಭಟ್ಟರು ಊರಿಗೆ ಹೋಗಬೇಕು ಅಂತಾರೆ, ಇಬ್ಬರು ಸಪ್ಲಾಯರ್‌ಗಳೂ ಕೇಳ್ತಿದ್ದಾರೆ. ಬಿಡದಿದ್ದರೆ ಹೇಳದೆ ಹೋಗ್ತಾರೆ, ಬಿಟ್ಟರೆ ವಾಪಸು ಬರ್ತಾರೋ ಇಲ್ಲವೋ. ಇದಕ್ಕೊಂದು ರೂಲ್ಸ್ ಬರೆದುಕೊಡಿ." ಕೆಲಸಗಾರರ ಕಡೆಯಿಂದಲೂ ಕೇಳುವುದು ಇದೇ ಪ್ರಶ್ನೆಯ ಇನ್ನೊಂದು ಮಗ್ಗುಲು: "ನನ್ನ ರಜೆ ಎಷ್ಟಿದೆ? ಬದಲಿಯವನಿಗೆ ನನ್ನ ಸಂಬಳದಿಂದ ಕೊಡಬೇಕಾ? ಬರುವಷ್ಟರಲ್ಲಿ ಅವನೇ ನನ್ನ ಜಾಗದಲ್ಲಿ ಕೂತರೆ?"

ಹೆಚ್ಚಿನ ಹೋಟೆಲುಗಳಲ್ಲಿ ಕೈಪಿಡಿ ಎಂಬುದೇ ಇರುವುದಿಲ್ಲ. ಇದ್ದರೂ ಅದು ಯಾವುದೋ ಆಫೀಸಿನದ್ದನ್ನು ನಕಲು ಮಾಡಿದ್ದು. ಅದರಲ್ಲಿ ರಜೆಗೆ ಎರಡು ಪುಟ, ಬದಲಿಗೆ ಒಂದು ಸಾಲು. ಆಫೀಸಿನಲ್ಲಿ ಒಬ್ಬ ಹದಿನೈದು ದಿನ ಇಲ್ಲದಿದ್ದರೆ ಕಡತ ಕಾಯುತ್ತದೆ. ಹೋಟೆಲಿನಲ್ಲಿ ಬೆಳಿಗ್ಗೆ ಏಳಕ್ಕೆ ಗಿರಾಕಿ ಮಸಾಲೆ ದೋಸೆ ಕೇಳುತ್ತಾನೆ. ಆ ಹೊತ್ತಿಗೆ ಕಾವಲಿ ಮುಂದೆ ಯಾರು ನಿಂತಿರುತ್ತಾರೆ ಎಂದು ಬರೆಯದ ರಜೆ ನಿಯಮದಿಂದ ಏನೂ ಆಗುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಬದಲಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಒಂದು ಹೋಟೆಲನ್ನು ಊಹಿಸಿಕೊಳ್ಳೋಣ. ಘಾಟ್ಕೋಪರ್ ಕಡೆಯದ್ದು, ವಾರದ ಏಳೂ ದಿನ ತೆರೆದಿರುವಂಥದ್ದು, 24 ಜನ ಸಿಬ್ಬಂದಿ. ನಿಮ್ಮಲ್ಲಿ ಹತ್ತೇ ಜನ ಇದ್ದರೂ ಲೆಕ್ಕ ಹಾಕುವ ಕ್ರಮ ಇದೇ.

1. ಮೊದಲು ಕಾನೂನಿನ ನೆಲ ಎಲ್ಲಿದೆ ನೋಡಿ

ಮಹಾರಾಷ್ಟ್ರದಲ್ಲಿ ಹೋಟೆಲಿನ ರಜೆಗೆ ಆಧಾರ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ. ನಾವು ಬಾಯಿಮಾತಿನಲ್ಲಿ 'ಶಾಪ್ ಆ್ಯಕ್ಟ್' ಅನ್ನುವುದು ಇದನ್ನೇ. ಮೂಲದಲ್ಲಿ ಇದು 10 ಅಥವಾ ಹೆಚ್ಚು ಕೆಲಸಗಾರರಿರುವ ಜಾಗಕ್ಕೆ ಪೂರ್ತಿ ಅನ್ವಯಿಸುತ್ತಿತ್ತು. 2025ರ ತಿದ್ದುಪಡಿಯಲ್ಲಿ ಆ ಸಂಖ್ಯೆ 20ಕ್ಕೆ ಏರಿತು. ನಮ್ಮ ಉದಾಹರಣೆಯ ಹೋಟೆಲು ಹೇಗೂ ಅದರೊಳಗೇ ಬರುತ್ತದೆ.

ಇದರಲ್ಲಿ ನಿಮಗೆ ಬೇಕಾದ್ದು ನಾಲ್ಕು ಸಂಗತಿ. ವಾರಕ್ಕೆ ಒಂದು ಪೂರ್ತಿ ದಿನ ಬಿಡುವು. ವರ್ಷಕ್ಕೆ 8 ದಿನ ಸಾಂದರ್ಭಿಕ ರಜೆ, ಅಂದರೆ ಜ್ವರ, ಶಾಲೆ, ಬ್ಯಾಂಕು ಇಂಥ ತಟಕ್ಕನೆ ಬರುವ ಕೆಲಸಕ್ಕೆ ಸಂಬಳ ಸಹಿತ ಸಿಗುವುದು. ಇದು ಮೂರು ತಿಂಗಳಿಗೆ ಎರಡರಂತೆ ಖಾತೆಗೆ ಬೀಳುತ್ತದೆ, ಬಳಸದಿದ್ದರೆ ವರ್ಷದ ಕೊನೆಗೆ ಹೋಗುತ್ತದೆ. ಮೂರನೆಯದು ಗಳಿಕೆ ರಜೆ, ಜನ 'ಪಗಾರಿ ರಜೆ' ಎಂದೂ ಕರೆಯುತ್ತಾರೆ: ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ. ಇದು ಮುಂದಿನ ವರ್ಷಕ್ಕೆ ಸೇರುತ್ತದೆ, 45 ದಿನದವರೆಗೆ ಕೂಡಿಡಬಹುದು. ನಾಲ್ಕನೆಯದು ಹಬ್ಬದ ರಜೆ, ವರ್ಷಕ್ಕೆ 8. ಜನವರಿ 26, ಮೇ 1, ಆಗಸ್ಟ್ 15 ಮತ್ತು ಅಕ್ಟೋಬರ್ 2 ಕಡ್ಡಾಯ. ಉಳಿದ ನಾಲ್ಕನ್ನು ಮಾಲೀಕರೂ ಕೆಲಸಗಾರರೂ ವರ್ಷ ಶುರುವಾಗುವ ಮೊದಲೇ ಮಾತಾಡಿ ಗೊತ್ತುಮಾಡಬೇಕು.

ಗಳಿಕೆ ರಜೆ ಸಿಗಬೇಕಾದರೆ ವರ್ಷದಲ್ಲಿ 240 ದಿನ ಕೆಲಸ ಮಾಡಿರಬೇಕು ಎಂದು ಈ ಕಾಯ್ದೆ ಹೇಳುತ್ತದೆ. ಕೇಂದ್ರದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 180 ದಿನ. ಕೈಪಿಡಿಯಲ್ಲಿ 180 ಎಂದೇ ಬರೆದುಬಿಡಿ. ಕಾನೂನಿಗಿಂತ ಹೆಚ್ಚು ಕೊಟ್ಟರೆ ಯಾರೂ ಕೇಳುವುದಿಲ್ಲ, ಕಡಿಮೆ ಬರೆದ ಸಾಲು ಮಾತ್ರ ಸಹಿ ಇದ್ದರೂ ನಿಲ್ಲುವುದಿಲ್ಲ. "ಅವನೇ ಒಪ್ಪಿ ಸೈನ್ ಹಾಕಿದ್ದಾನೆ" ಎಂಬ ಮಾತು ಲೇಬರ್ ಆಫೀಸಿನಲ್ಲಿ ನಡೆಯುವುದಿಲ್ಲ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ರಜೆಯ ನಡುವೆ ಬರುವ ವಾರದ ಬಿಡುವು ಮತ್ತು ಹಬ್ಬವನ್ನು ರಜೆಯಲ್ಲೇ ಹಿಡಿಯಬೇಕೋ ಬೇಡವೋ ಎಂದು ಬರೆದಿರುವುದಿಲ್ಲ. ಊರಿಂದ ಬಂದ ಮೇಲೆ ಸಂಬಳದ ದಿನ ಜಗಳ. ನನ್ನ ಸಲಹೆ, ಹಿಡಿಯಬೇಡಿ, ಹಾಗೆಂದು ಒಂದು ಸಾಲಿನಲ್ಲಿ ಬರೆಯಿರಿ. ಹಬ್ಬದ ದಿನ ಕೆಲಸಕ್ಕೆ ಕರೆದರೆ ಏನು ಕೊಡುತ್ತೀರಿ ಎಂಬುದನ್ನೂ ಅಲ್ಲೇ ಬರೆಯಿರಿ. ಹೋಟೆಲಿಗೆ ಹಬ್ಬವೇ ವ್ಯಾಪಾರ, ಎಲ್ಲರನ್ನೂ ಬಿಡಲಾಗುವುದಿಲ್ಲ. ಆ ದಿನಕ್ಕೆ ಎರಡರಷ್ಟು ಕೂಲಿ, ಮೇಲೆ ಇನ್ನೊಂದು ದಿನ ಬಿಡುವು ಎಂದು ಬರೆದ ಕಡೆ ತಕರಾರು ಬಂದದ್ದು ನಾನು ಕಂಡಿಲ್ಲ.

2. ಯಾರಿಗೆ ಏನು ಬರುತ್ತದೆ, ಒಂದು ಹಾಳೆ ಮಾಡಿ

ಕೈಪಿಡಿಯ ನಿಜವಾದ ಕೆಲಸ ಇಲ್ಲಿಂದ ಶುರು. 24 ಜನರ ಹೆಸರನ್ನು ಒಂದರ ಕೆಳಗೊಂದು ಬರೆದು, ಪ್ರತಿ ಹೆಸರಿನ ಮುಂದೆ ಈಗ ಮಾಡುವ ಕೆಲಸ ಮತ್ತು 'ಬೇಕಾದರೆ ಮಾಡಬಲ್ಲ' ಇನ್ನೊಂದು ಕೆಲಸ ಬರೆಯಿರಿ. ನಮ್ಮ ಹೋಟೆಲಿನಲ್ಲಿ ಕಾವಲಿಗೆ ಒಬ್ಬ ಭಟ್ಟರು ಮತ್ತು ಒಬ್ಬ ಸಹಾಯಕ, ಅಡಿಗೆಗೆ ಮೂವರು, ಚಹಾ-ಕಾಫಿ-ಜ್ಯೂಸಿಗೆ ಇಬ್ಬರು, ಹಿಟ್ಟು ರುಬ್ಬಲು ಒಬ್ಬ, ತರಕಾರಿ ಹೆಚ್ಚಲು ಇಬ್ಬರು, ಏಳು ಸಪ್ಲಾಯರ್, ನಾಲ್ಕು ಕ್ಲೀನರ್, ಗಲ್ಲಾದಲ್ಲಿ ಇಬ್ಬರು, ಒಬ್ಬ ಮ್ಯಾನೇಜರ್.

ಹೀಗೆ ಬರೆದ ಕೂಡಲೇ ತೂತು ಕಾಣುತ್ತದೆ. ಸಪ್ಲಾಯರ್ ಏಳರಲ್ಲಿ ಒಬ್ಬ ಹೋದರೆ ಉಳಿದ ಆರು ಜನ ಟೇಬಲ್ ಹಂಚಿಕೊಂಡು ದೂಡುತ್ತಾರೆ. ಹಿಟ್ಟು ರುಬ್ಬುವವನು ಒಬ್ಬನೇ. ಅವನ ಮುಂದಿನ 'ಇನ್ನೊಬ್ಬ' ಕಾಲಂ ಖಾಲಿ ಇದ್ದರೆ ಅವನಿಗೆ ರಜೆ ಎಂಬುದು ಕಾಗದದ ಮೇಲೆ ಮಾತ್ರ ಇದೆ ಎಂದರ್ಥ. ಗಿರಾಕಿಗೆ ಮುಖ ಕಾಣದ, ಸಂಬಳವೂ ಭಟ್ಟರಿಗಿಂತ ಕಡಿಮೆ ಇರುವ ಈ ಮನುಷ್ಯ ನಾಲ್ಕು ದಿನ ಇಲ್ಲದಿದ್ದರೆ ಇಡ್ಲಿ, ದೋಸೆ, ವಡೆ ಮೂರೂ ಕೆಡುತ್ತವೆ. ಆದ್ದರಿಂದ ಮೊದಲ ನಿಯಮ: ಯಾವ ಕೆಲಸವೂ ಒಬ್ಬನಿಗೆ ಮಾತ್ರ ಗೊತ್ತಿರಬಾರದು. ವ್ಯಾಪಾರ ಸಡಿಲವಿರುವ ಮಳೆಗಾಲದ ದಿನಗಳಲ್ಲಿ ಎರಡನೆಯವನಿಗೆ ಕಲಿಸಿ, ಹಾಳೆಯಲ್ಲಿ ಹೆಸರು ಬರೆಯಿರಿ.

ಹಾಳೆಯ ಕೆಳಗೆ ಎರಡು ಮಿತಿ ಹಾಕಿ. ಒಂದೇ ಕೆಲಸದ ಗುಂಪಿನಿಂದ ಒಂದು ಹೊತ್ತಿಗೆ ಒಬ್ಬರಿಗಷ್ಟೇ ದೀರ್ಘ ರಜೆ. ಒಟ್ಟಾರೆ 24ರಲ್ಲಿ ನಾಲ್ಕು ಜನರಿಗಿಂತ ಹೆಚ್ಚು ಏಕಕಾಲಕ್ಕೆ ಹೊರಗಿರಬಾರದು. ಇಬ್ಬರು ಒಂದೇ ದಿನಾಂಕ ಕೇಳಿದರೆ ಯಾರಿಗೆ? ಮೊದಲು ಅರ್ಜಿ ಕೊಟ್ಟವನಿಗೆ ಎಂದು ಬರೆಯುವುದು ಸುಲಭ, ಆದರೆ ಪ್ರತಿ ವರ್ಷ ಅದೇ ಚುರುಕಿನವನು ಮೊದಲು ಕೊಡುತ್ತಾನೆ. ಕಳೆದ ವರ್ಷ ಆ ಸೀಸನ್ನಿನಲ್ಲಿ ಹೋಗದವನಿಗೆ ಮೊದಲ ಹಕ್ಕು ಎಂದು ಬರೆಯುವುದು ಹೆಚ್ಚು ನ್ಯಾಯ.

ಒಂದು ಅನುಕೂಲವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಈಗ ಉಡುಪಿ ಹೋಟೆಲೆಂದರೆ ಕುಂದಾಪುರ, ಬೈಂದೂರಿನವರಷ್ಟೇ ಅಲ್ಲ, ನೇಪಾಳದವರು, ಬಿಹಾರ, ಒಡಿಶಾದವರೂ ಇದ್ದಾರೆ. ನಮ್ಮವರಿಗೆ ಏಪ್ರಿಲ್-ಮೇನಲ್ಲಿ ಮದುವೆ, ಕೋಲ, ನಾಗಮಂಡಲ. ನೇಪಾಳದವರಿಗೆ ದಶಾಯಿ, ಬಿಹಾರದವರಿಗೆ ದೀಪಾವಳಿಯ ನಂತರದ ಛಠ್. ಪ್ರತಿ ಗುಂಪಿನಲ್ಲೂ ಎರಡು ಊರಿನವರು ಇರುವಂತೆ ನೋಡಿಕೊಂಡರೆ ರಜೆಯ ಅರ್ಧ ಇಕ್ಕಟ್ಟು ತಾನಾಗಿ ಕರಗುತ್ತದೆ. ಗೊತ್ತುಮಾಡಬೇಕಾದ ನಾಲ್ಕು ಹಬ್ಬಗಳಿಗೆ ಡಿಸೆಂಬರಿನಲ್ಲಿ ಸಭೆ ಕರೆದಾಗಲೂ ಇದನ್ನು ನೆನಪಿಡಿ. ನಾಲ್ಕೂ ನಮ್ಮ ಹಬ್ಬವೇ ಆಗಬೇಕಿಲ್ಲ.

3. ಅರ್ಜಿಯ ಗಡುವನ್ನು ರೈಲಿಗೆ ಕಟ್ಟಿ

ಗಳಿಕೆ ರಜೆಗೆ 15 ದಿನ ಮುಂಚೆ ಅರ್ಜಿ ಕೊಡಬೇಕು ಎಂದು ಎಲ್ಲ ಕಡೆ ಬರೆದಿರುತ್ತದೆ, ಕಾಯ್ದೆಯಲ್ಲೂ 15 ದಿನದ ಮಾತು ಬರುತ್ತದೆ. ಊರಿಗೆ ಹೋಗುವವನಿಗೆ ಇದರಿಂದ ಉಪಯೋಗವಿಲ್ಲ. ರೈಲಿನ ಮುಂಗಡ ಬುಕಿಂಗ್ ಪ್ರಯಾಣಕ್ಕೆ 60 ದಿನ ಮುಂಚೆ ತೆರೆಯುತ್ತದೆ, ಏಪ್ರಿಲ್-ಮೇ ತಿಂಗಳ ಮತ್ಸ್ಯಗಂಧ ಬೇಗನೆ ತುಂಬಿಹೋಗುತ್ತದೆ. ಹಾಗಾಗಿ ರಜೆ ಮಂಜೂರಾಗುವ ಮೊದಲೇ ಅವನು ಟಿಕೆಟ್ ಮಾಡಿರುತ್ತಾನೆ, ಆಮೇಲೆ "ಟಿಕೆಟ್ ಆಗಿದೆ" ಎಂದು ನಿಮ್ಮ ಮುಂದೆ ನಿಲ್ಲುತ್ತಾನೆ. ಅವನದ್ದು ತಪ್ಪು ಅನ್ನಲಾಗುವುದಿಲ್ಲ.

ಆದ್ದರಿಂದ ಹೀಗೆ ಬರೆಯಿರಿ: ಒಂದು ವಾರಕ್ಕಿಂತ ಹೆಚ್ಚಿನ ರಜೆಗೆ 75 ದಿನ ಮುಂಚೆ ಅರ್ಜಿ, ಮಾಲೀಕರು ಅಥವಾ ಮ್ಯಾನೇಜರು ಹತ್ತು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು, ಉತ್ತರ ಬಾರದಿದ್ದರೆ ಮಂಜೂರಾಗಿದೆ ಎಂದೇ ಲೆಕ್ಕ. ಕೊನೆಯ ಸಾಲು ಮಾಲೀಕರಿಗೆ ಹಿಡಿಸುವುದಿಲ್ಲ. ಆದರೆ ಅದಿಲ್ಲದಿದ್ದರೆ ಅರ್ಜಿ ಗಲ್ಲಾದ ಡ್ರಾಯರಿನಲ್ಲಿ ಬಿಲ್ಲುಗಳ ಅಡಿಗೆ ಉಳಿಯುತ್ತದೆ.

ಹೋದವನು ಬರುತ್ತಾನೋ ಎಂಬ ಭಯಕ್ಕೆ ಹಳೆಯ ಮದ್ದೊಂದಿದೆ, ಒಂದು ತಿಂಗಳ ಸಂಬಳ ಹಿಡಿದಿಡುವುದು, ಇಲ್ಲವೇ ಆಧಾರ್ ಕಾರ್ಡ್ ಕಪಾಟಿನಲ್ಲಿಡುವುದು. ಎರಡನ್ನೂ ಕೈಬಿಡಿ. ದುಡಿದ ಸಂಬಳ ತಡೆಹಿಡಿಯುವುದು ಕಾನೂನಿಗೆ ವಿರುದ್ಧ. ಮೇಲಾಗಿ ಕಾರ್ಡು ಕಳೆದರೆ ಹೊಸದು ಸಿಗುತ್ತದೆ, ಬಿಟ್ಟುಹೋಗಬೇಕೆಂದವನು ಬಿಟ್ಟೇ ಹೋಗುತ್ತಾನೆ. ಅದರ ಬದಲು ವಾಪಸು ಟಿಕೆಟಿನ ನಕಲು ಕೇಳಿ. ಸಾಧ್ಯವಿದ್ದರೆ ಆ ಟಿಕೆಟನ್ನು ಹೋಟೆಲಿನ ಖರ್ಚಿನಲ್ಲೇ ಮಾಡಿಸಿ. ಸ್ಲೀಪರ್ ಟಿಕೆಟಿಗೆ ಆಗುವ ಹಣ ಬದಲಿಯವನನ್ನು ಒಂದು ವಾರ ಹೆಚ್ಚಿಗೆ ಇಟ್ಟುಕೊಳ್ಳುವ ಖರ್ಚಿನ ಮುಂದೆ ಏನೂ ಅಲ್ಲ.

ಜೂನ್ ಹತ್ತಿರವಾದಂತೆ ಇನ್ನೊಂದು ಎಚ್ಚರಿಕೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಗಾಡಿಗಳು ನಿಧಾನ, ಗುಡ್ಡ ಜರಿದರೆ ನಿಂತೂ ಹೋಗುತ್ತವೆ. ಹಾಗೆ ತಡವಾದ ದಿನಗಳನ್ನು ಗೈರುಹಾಜರಿ ಎಂದು ಬರೆಯದೆ, ಫೋನು ಮಾಡಿ ತಿಳಿಸಿದ್ದರೆ ಉಳಿದ ರಜೆಗೆ ಹಾಕಲಾಗುತ್ತದೆ ಎಂದು ಸೇರಿಸಿ.

4. ಒಂದು ರಜೆಯನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ

ಕಾವಲಿಯ ಭಟ್ಟರು ಕುಂದಾಪುರದ ಕಡೆಯವರು. ತಂಗಿಯ ಮಗಳ ಮದುವೆ. 2026ರ ಏಪ್ರಿಲ್ 20ರಿಂದ ಮೇ 7ರವರೆಗೆ, ಒಟ್ಟು 18 ದಿನ ಬೇಕು. ಅವರ ವಾರದ ಬಿಡುವು ಮಂಗಳವಾರ. ಕಳೆದ ವರ್ಷ ಅವರು ಕೆಲಸ ಮಾಡಿದ್ದು 288 ದಿನ.

288ನ್ನು 20ರಿಂದ ಭಾಗಿಸಿದರೆ 14 ಚಿಲ್ಲರೆ, ಅಂದರೆ ಖಾತೆಯಲ್ಲಿ 14 ದಿನ ಗಳಿಕೆ ರಜೆ. 18 ದಿನ ಎಲ್ಲಿ, 14 ಎಲ್ಲಿ ಎಂದು ಮ್ಯಾನೇಜರು ನಾಲ್ಕು ದಿನದ ಸಂಬಳ ಕತ್ತರಿಸಲು ಹೊರಡುತ್ತಾರೆ. ನಿಲ್ಲಿ. ಆ ಅವಧಿಯಲ್ಲಿ ಏಪ್ರಿಲ್ 21, 28 ಮತ್ತು ಮೇ 5 ಮಂಗಳವಾರಗಳು. ಮೇ 1 ಮಹಾರಾಷ್ಟ್ರ ದಿನ, ಸಂಬಳ ಸಹಿತ ಹಬ್ಬದ ರಜೆ. ನಾಲ್ಕು ಕಳೆದರೆ ಉಳಿಯುವುದು ಸರಿಯಾಗಿ 14. ಕಡಿತ ಏನೂ ಇಲ್ಲ, ಮೇ 8ರ ಶುಕ್ರವಾರ ಬೆಳಿಗ್ಗೆ ಅವರು ಮರಳಿ ಕಾವಲಿಗೆ. ಮೊದಲ ಹಂತದಲ್ಲಿ ಹೇಳಿದ ಆ ಒಂದು ಸಾಲಿನ ಬೆಲೆ ಇಲ್ಲಿ ಗೊತ್ತಾಗುತ್ತದೆ. ಟಿಕೆಟಿನ ಲೆಕ್ಕವನ್ನೂ ಅರ್ಜಿಯ ಬೆನ್ನಿಗೆ ಬರೆದಿಡಿ: ಏಪ್ರಿಲ್ 20ರ ಗಾಡಿಗೆ ಬುಕಿಂಗ್ ತೆರೆಯುವುದು ಫೆಬ್ರವರಿ 19ಕ್ಕೆ, ಅಂದರೆ ಅರ್ಜಿ ಫೆಬ್ರವರಿ ಮೊದಲ ವಾರದಲ್ಲೇ ಕೈಗೆ ಬಂದಿರಬೇಕು.

ಈಗ ಬದಲಿ. ಮಂಗಳವಾರಗಳಲ್ಲಿ ಹೇಗೂ ಸಹಾಯಕನೇ ಕಾವಲಿ ನೋಡುತ್ತಾನೆ. ಉಳಿದ 15 ದಿನಕ್ಕೆ ಎರಡು ದಾರಿ.

ಮೊದಲ ದಾರಿ, ಹೊರಗಿನಿಂದ ಒಬ್ಬ ದೋಸೆ ಭಟ್ಟರನ್ನು ತರುವುದು. ದಿನಕ್ಕೆ ₹900 ಎಂದುಕೊಳ್ಳಿ. ಭಟ್ಟರು ಹೊರಡುವ ಮೊದಲು ಎರಡು ದಿನ ಇಬ್ಬರೂ ಒಟ್ಟಿಗೆ ನಿಲ್ಲಬೇಕು, ಇಲ್ಲದಿದ್ದರೆ ಮೊದಲ ದಿನವೇ ಗಿರಾಕಿ "ಭಟ್ರು ಬದಲಾದ್ರಾ" ಎಂದು ಕೇಳುತ್ತಾನೆ. 17 ದಿನಕ್ಕೆ ₹15,300.

ಎರಡನೆಯದು, ಸಹಾಯಕನನ್ನೇ ಕಾವಲಿಗೆ ಏರಿಸಿ ಅವನ ಜಾಗಕ್ಕೆ ಒಬ್ಬ ಸಾಮಾನ್ಯ ಕೆಲಸಗಾರನನ್ನು ತರುವುದು. ಸಹಾಯಕನಿಗೆ ದಿನಕ್ಕೆ ₹150 ಹೆಚ್ಚುವರಿ, 15 ದಿನಕ್ಕೆ ₹2,250. ಹೊಸಬನಿಗೆ ದಿನಕ್ಕೆ ₹600ರಂತೆ ₹9,000. ಒಟ್ಟು ₹11,250.

ನಾನಾದರೆ ಎರಡನೆಯದನ್ನೇ ಹಿಡಿಯುತ್ತೇನೆ, ₹4,050 ಉಳಿತಾಯಕ್ಕಾಗಿ ಮಾತ್ರ ಅಲ್ಲ. ರಜೆ ಮುಗಿದ ಮೇಲೂ ನಿಮ್ಮಲ್ಲಿ ಕಾವಲಿ ನೋಡಬಲ್ಲ ಎರಡನೆಯವನು ಉಳಿಯುತ್ತಾನೆ. ಆದರೆ ಸಹಾಯಕ ವಾರಕ್ಕೊಮ್ಮೆಯಾದರೂ ಕಾವಲಿ ಮೇಲೆ ನಿಂತಿರಬೇಕು. ಬರೀ ಚಟ್ನಿ ಬಡಿಸಿದವನನ್ನು ಏಪ್ರಿಲ್ 20ರಂದು ಏಕಾಏಕಿ ನಿಲ್ಲಿಸಿದರೆ ಆಗುವ ನಷ್ಟ ಈ ಲೆಕ್ಕದಲ್ಲಿ ಬರುವುದಿಲ್ಲ. ಮೂರನೆಯ ದಾರಿಯೊಂದನ್ನು ಹಲವರು ಬಳಸುತ್ತಾರೆ: ಯಾರನ್ನೂ ತರದೆ ಇದ್ದವರಿಂದಲೇ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಮಾಡಿಸುವುದು. ನಿಗದಿತ ಗಂಟೆ ಮೀರಿದ ಕೆಲಸಕ್ಕೆ ಕಾನೂನಿನ ಪ್ರಕಾರ ಎರಡು ಪಟ್ಟು ಕೂಲಿ ಕೊಡಬೇಕು, ಅದಕ್ಕೂ ಮೇಲ್ಮಿತಿ ಇದೆ. ಕೊಟ್ಟರೆ ಅಗ್ಗವಲ್ಲ, ಕೊಡದೆ ಮಾಡಿಸಿದರೆ ಮುಂದಿನ ತಿಂಗಳು ಹೊರಡುವವನು ಸಹಾಯಕ.

5. ಬದಲಿಯವನ ಬಗ್ಗೆ ಏನು ಬರೆಯಬೇಕು

ಹೆಚ್ಚು ತಕರಾರು ಹುಟ್ಟುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಿ.

ಬದಲಿಯವನ ಕೂಲಿಯನ್ನು ಹೋಟೆಲೇ ನೇರವಾಗಿ ಅವನ ಕೈಗೆ ಅಥವಾ ಖಾತೆಗೆ ಕೊಡಬೇಕು. "ನಿನ್ನ ಪಗಾರು ಚಾಲೂ ಇರುತ್ತದೆ, ಅದರಲ್ಲಿ ನೀನೇ ಅವನಿಗೆ ಕೊಡು" ಎಂಬ ಪದ್ಧತಿ ಇನ್ನೂ ಇದೆ. ಹಾಗೆ ಮಾಡಿದರೆ ಭಟ್ಟರಿಗೆ ಸಂಬಳ ಸಹಿತ ರಜೆ ಸಿಕ್ಕಂತೆಯೇ ಆಗಲಿಲ್ಲ. ಕೂಲಿ ಆ ಕೆಲಸದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು. ಬದಲಿ ಕೊಡಿಸಿದವನು ಅವನಿಂದ ಕಮಿಷನ್ ತೆಗೆದುಕೊಳ್ಳಬಾರದು ಎಂದೂ ಬರೆಯಿರಿ; ಇದು ಗುಟ್ಟಾಗಿ ನಡೆಯುವ ವ್ಯವಹಾರ, ಬದಲಿಯವನನ್ನು ಮೂರನೆಯ ದಿನ ಪಕ್ಕಕ್ಕೆ ಕರೆದು ಕೇಳಿದರೆ ಮಾತ್ರ ಹೊರಬೀಳುತ್ತದೆ.

ಹೆಸರು ಹಾಜರಿ ಪುಸ್ತಕದಲ್ಲಿ ಮೊದಲ ದಿನದಿಂದಲೇ ಇರಲಿ. "ಹದಿನೈದು ದಿನಕ್ಕೆ ಯಾಕೆ" ಅನ್ನುವವರು ಕಾದ ಎಣ್ಣೆಯ ಬಾಣಲೆ ಎದುರಿಗಿದೆ ಎಂಬುದನ್ನು ಮರೆಯುತ್ತಾರೆ. ಕೆಲಸಗಾರರ ರಾಜ್ಯ ವಿಮೆ, ಅಂದರೆ ಇ.ಎಸ್.ಐ., ಬದಲಿಯವನಿಗೂ ಅನ್ವಯಿಸುತ್ತದೆ. ತಿಂಗಳ ಕೂಲಿ ₹21,000 ಒಳಗಿದ್ದರೆ ಕೂಲಿಯ ಶೇ 3.25 ಮಾಲೀಕರದು, ಶೇ 0.75 ಕೆಲಸಗಾರನದು. ಕೈ ಸುಟ್ಟ ಮೇಲೆ ನೋಂದಣಿ ಮಾಡಲು ಓಡುವ ಪಾಡು ಬೇಡ.

ವಯಸ್ಸಿನ ದಾಖಲೆ ನೋಡದೆ ಯಾರನ್ನೂ ನಿಲ್ಲಿಸಬೇಡಿ. ಏಪ್ರಿಲ್-ಮೇ ಶಾಲೆಯ ರಜೆ. "ನಮ್ಮ ಅಕ್ಕನ ಮಗ ಇದ್ದಾನೆ, ಕ್ಲೀನಿಂಗಿಗೆ ಸಾಕು" ಎಂದು ಒಬ್ಬ ಹುಡುಗನನ್ನು ಬಿಟ್ಟುಹೋಗುವುದು ಸಾಮಾನ್ಯ. 14 ವರ್ಷದೊಳಗಿನ ಮಗುವನ್ನು ಹೋಟೆಲಿನಲ್ಲಿ ದುಡಿಸುವುದು ಅಪರಾಧ, ಜೈಲಿಗೆ ಹೋಗುವಂಥದ್ದು. ಕೈಪಿಡಿಯಲ್ಲಿ 18 ಎಂದೇ ಹಾಕಿ, ಎರಡು ಮಾತಿಗೆ ಎಡೆಯಿರಬಾರದು.

ಮತ್ತೆ ಎರಡು ಸಾಲು, ಅವನ್ನು ಇಬ್ಬರಿಗೂ ಓದಿ ಹೇಳಬೇಕು. ಬದಲಿಯವನಿಗೆ: ನಿಮ್ಮ ಕೆಲಸ ಇಂಥ ದಿನ ಶುರು, ಇಂಥ ದಿನ ಮುಗಿಯುತ್ತದೆ. ಹೋಗುವವನಿಗೆ: ಮಂಜೂರಾದ ರಜೆ ಮುಗಿಸಿ ಬಂದರೆ ನಿಮ್ಮ ಅದೇ ಕೆಲಸ, ಅದೇ ಸಂಬಳ, ವಸತಿಯಲ್ಲಿ ಅದೇ ಜಾಗ. ಸ್ಟಾಫ್ ರೂಮಿನಲ್ಲಿ ಮಲಗುವ ಜಾಗ ಮತ್ತು ಪೆಟ್ಟಿಗೆ ನಮಗೆ ಸಣ್ಣ ಸಂಗತಿಯಾಗಿ ಕಾಣಬಹುದು. ಅಲ್ಲಿ ಇನ್ನೊಬ್ಬ ಬಂದು ಬೀಡುಬಿಟ್ಟಿದ್ದಾನೆಂದು ಊರಿನಲ್ಲಿ ಸುದ್ದಿ ತಲುಪಿದರೆ ಮನುಷ್ಯ ಬೇರೆ ಹೋಟೆಲು ನೋಡಿಕೊಳ್ಳುತ್ತಾನೆ.

ಕೊನೆಗೆ, ಕೆಲಸ ಒಪ್ಪಿಸುವ ಹಾಳೆ. ಹೊರಡುವವನು ಅರ್ಧ ಪುಟ ಬರೆಯಬೇಕು, ಬರೆಯಲು ಬಾರದಿದ್ದರೆ ಹೇಳಿ ಬರೆಸಬೇಕು: ಅಕ್ಕಿ, ಉದ್ದು, ಮೆಂತೆಯ ಅಳತೆ, ಎಷ್ಟು ಹೊತ್ತಿಗೆ ರುಬ್ಬಿ ಎಲ್ಲಿ ಇಡುವುದು, ಯಾವ ಕಾವಲಿಯ ಯಾವ ಮೂಲೆ ಹೆಚ್ಚು ಕಾಯುತ್ತದೆ, ದಿನಾ ಬರುವ ಯಾವ ಗಿರಾಕಿಗೆ ಎಣ್ಣೆ ಕಡಿಮೆ. ಮೇ ತಿಂಗಳ ಸೆಕೆಯಲ್ಲಿ ಹಿಟ್ಟು ಡಿಸೆಂಬರಿಗಿಂತ ಬಹಳ ಬೇಗ ಹುಳಿ ಬರುತ್ತದೆ. ಊರಿನ ಅಥವಾ ಬೇರೆ ಹೋಟೆಲಿನ ಅಭ್ಯಾಸದಂತೆ ಸಂಜೆಯೇ ರುಬ್ಬಿಟ್ಟ ಬದಲಿಯವನಿಗೆ ಬೆಳಿಗ್ಗೆ ಸಿಗುವುದು ಹುಳಿ ದೋಸೆ. "ಕೈಗುಣ" ಎಂದು ಬಿಟ್ಟುಬಿಡುವುದರಲ್ಲಿ ಮುಕ್ಕಾಲು ಪಾಲು ಹೀಗೆ ಬರೆದಿಡಬಹುದಾದದ್ದೇ.

6. ಕಾಯಿಲೆಯ ರಜೆ: ಇಲ್ಲಿ ಜಿಪುಣತನ ಬೇಡ

ಆಹಾರ ಸುರಕ್ಷತೆಯ ನಿಯಮಗಳ ನಾಲ್ಕನೇ ಅನುಸೂಚಿಯನ್ನು ಲೈಸೆನ್ಸ್ ಇರುವ ಎಲ್ಲ ಹೋಟೆಲುಗಳೂ ಪಾಲಿಸಬೇಕು. ಕಾಮಾಲೆ, ಭೇದಿ, ವಾಂತಿ, ಜ್ವರ, ಜ್ವರದೊಂದಿಗೆ ಗಂಟಲು ನೋವು, ಕೀವಾದ ಗಾಯ ಅಥವಾ ಕುರು, ಕಿವಿ-ಕಣ್ಣು-ಮೂಗಿನ ಸೋರಿಕೆ ಇವುಗಳಲ್ಲಿ ಏನಿದ್ದರೂ ಕೆಲಸಗಾರ ತಿಳಿಸಬೇಕು, ಅಂಥವರನ್ನು ಆಹಾರ ಮುಟ್ಟಲು ಬಿಡಬಾರದು. ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಮಾಡಿಸಿ ದಾಖಲೆ ಇಡಬೇಕು, ಟೈಫಾಯ್ಡ್‌ನಂಥ ಕರುಳಿನ ರೋಗಗಳಿಗೆ ಲಸಿಕೆ ಹಾಕಿಸಬೇಕು. ಬದಲಿಯವನೂ ಇದರಿಂದ ಹೊರತಲ್ಲ.

ನಡತೆಯ ಪುಟದಲ್ಲಿ "ಭೇದಿಯಾದರೆ ತಿಳಿಸತಕ್ಕದ್ದು" ಎಂದು ಬರೆದು, ರಜೆಯ ಪುಟದಲ್ಲಿ "ಬಾರದ ದಿನಕ್ಕೆ ಸಂಬಳವಿಲ್ಲ" ಎಂದು ಬರೆದರೆ ಏನಾಗುತ್ತದೆ? ಯಾರೂ ತಿಳಿಸುವುದಿಲ್ಲ. ಮಾತ್ರೆ ನುಂಗಿ ಚಟ್ನಿ ರುಬ್ಬುತ್ತಾರೆ. ಇ.ಎಸ್.ಐ. ಕಾಯಿಲೆಯ ದಿನಗಳಿಗೆ ಕೂಲಿಯ ಶೇ 70 ಕೊಡುತ್ತದೆ, ವರ್ಷಕ್ಕೆ 91 ದಿನದವರೆಗೆ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಅಲ್ಲಿಂದ ಏನೂ ಬರುವುದಿಲ್ಲ, ಹೊಟ್ಟೆ ಕೆಟ್ಟವನಿಗೆ ಬೇಕಾದದ್ದು ಆ ಎರಡು ದಿನವೇ. ಆದ್ದರಿಂದ 8 ಸಾಂದರ್ಭಿಕ ರಜೆಯ ಹೊರತಾಗಿ ಅಡಿಗೆಮನೆಯವರಿಗೆ ವರ್ಷಕ್ಕೆ ಐದು ದಿನ ಪೂರ್ತಿ ಸಂಬಳದ ಕಾಯಿಲೆ ರಜೆ ಇಡಿ, ಭೇದಿ ನಿಂತ ಮೇಲೂ ಎರಡು ದಿನ ಆಹಾರದಿಂದ ದೂರ ಇಡಿ. ಎರಡು ದಿನದವರೆಗೆ ಡಾಕ್ಟರ್ ಚೀಟಿ ಕೇಳಬೇಡಿ. ಗಾಯವಾದವನನ್ನು ಮನೆಗೇ ಕಳಿಸಬೇಕೆಂದಿಲ್ಲ, ಪಾರ್ಸೆಲ್ ಲೆಕ್ಕಕ್ಕೋ ಗಲ್ಲಾ ಪಕ್ಕಕ್ಕೋ ಹಾಕಬಹುದು.

ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುವ ಕಡೆ ಫೋನಿನ ಗಡುವು ಐದು ಗಂಟೆ. ಫೋನು ಯಾರಿಗೆ ಎಂದೂ ಬರೆಯಿರಿ, ಮ್ಯಾನೇಜರಿಗೆ ಮಾತ್ರ. ಗೆಳೆಯನ ಬಾಯಲ್ಲಿ ಹೇಳಿಕಳಿಸಿದ್ದು ಲೆಕ್ಕಕ್ಕಿಲ್ಲ. ಎರಡನೇ ಹಂತದ ಹಾಳೆ ಮ್ಯಾನೇಜರ ಮೊಬೈಲಿನಲ್ಲಿದ್ದರೆ ಐದೂಕಾಲಿಗೆ ಬದಲಿ ಗೊತ್ತಾಗಿರುತ್ತದೆ.

ಊರಿನಲ್ಲಿ ಸಾವಾದರೆ ಅರ್ಜಿ, ಗಡುವು ಏನೂ ಬೇಡ. ಹೇಳಿ ಹೊರಡಲಿ, ಬಸ್ಸಿಗೆ ಮುಂಗಡ ಹಣ ಕೊಡಿ, ಉತ್ತರಕ್ರಿಯೆ ಮುಗಿಸಿ ಬಂದ ಮೇಲೆ ರಜೆಯ ಲೆಕ್ಕ ಹೊಂದಿಸಿ. ಒಬ್ಬನಿಗೆ ನಾಲ್ಕು ಅಜ್ಜಿಯರು ಸತ್ತ ಕತೆ ಎಲ್ಲ ಗಲ್ಲಾಗಳಲ್ಲೂ ನಗುವಿನ ವಿಷಯ. ಸತ್ತರೆ ಮಾತ್ರ ರಜೆ ಸಿಗುವ ಹೋಟೆಲಿನಲ್ಲಿ ಅಜ್ಜಿಯರು ಹೆಚ್ಚು ಸಾಯುತ್ತಾರೆ, ಅಷ್ಟೇ.

7. ನಡತೆಯ ಪುಟ: ಚಿಕ್ಕದಾಗಿರಲಿ

"ಶಿಸ್ತಿನಿಂದ ವರ್ತಿಸಬೇಕು" ಎಂಬಂಥ ಸಾಲುಗಳನ್ನು ಹೊಡೆದುಹಾಕಿ. ಯಾರು ಏನು ಮಾಡಿದರೆ ತಪ್ಪು ಎಂದು ಅದರಿಂದ ತಿಳಿಯುವುದಿಲ್ಲ. ನೋಡಿ ಹೌದು-ಇಲ್ಲ ಎನ್ನಬಹುದಾದದ್ದನ್ನು ಮಾತ್ರ ಬರೆಯಿರಿ. ಕುಡಿದು ಕೆಲಸಕ್ಕೆ ಬರಬಾರದು. ಉಗುರು ಕತ್ತರಿಸಿರಬೇಕು, ಅಡಿಗೆಮನೆಯಲ್ಲಿ ತಲೆಗೆ ಟೋಪಿ ಇರಬೇಕು, ಗುಟ್ಕಾ ಬೇಡ. ಸಂಬಳದ ರಜೆಯಲ್ಲಿ ಬೇರೆ ಹೋಟೆಲಿನಲ್ಲಿ ದುಡಿಯಬಾರದು. ಟಿಪ್ಸ್ ಹೇಗೆ ಹಂಚಿಕೆಯಾಗುತ್ತದೆ, ಬದಲಿಯವನಿಗೆ ಅದರಲ್ಲಿ ಪಾಲೆಷ್ಟು ಎಂಬುದು ಸ್ಪಷ್ಟವಿರಲಿ. ಹೆಣ್ಣುಮಕ್ಕಳು ಕೆಲಸಕ್ಕಿದ್ದರಂತೂ, ಇಲ್ಲದಿದ್ದರೂ, ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಕಾನೂನಿನ ಪ್ರಕಾರ ಬೇಕು. ಸದಸ್ಯರ ಹೆಸರುಗಳನ್ನು ಇದೇ ಪುಟದಲ್ಲಿ ಹಾಕಿ.

ಮಾಲೀಕರ, ಮ್ಯಾನೇಜರ ನಡತೆಗೂ ನಾಲ್ಕು ಸಾಲು ಇರಲಿ: ಗಿರಾಕಿಯ ಎದುರು ಬೈಯುವುದಿಲ್ಲ, ಕೈ ಎತ್ತುವುದಿಲ್ಲ, ರಜೆಯಲ್ಲಿರುವವನಿಗೆ ದಿನಾ ಫೋನು ಮಾಡಿ ವಾಪಸು ಕರೆಯುವುದಿಲ್ಲ, ಮಂಜೂರು ಮಾಡಿದ ರಜೆಯನ್ನು ಟಿಕೆಟ್ ಆದ ಮೇಲೆ ರದ್ದು ಮಾಡಬೇಕಾಗಿ ಬಂದರೆ ಟಿಕೆಟಿನ ನಷ್ಟ ಹೋಟೆಲಿನದು.

ದಂಡದ ವಿಷಯದಲ್ಲಿ ಹುಷಾರು. ಗ್ಲಾಸು ಒಡೆದರೆ ₹50, ತಡವಾದರೆ ₹100 ಎಂದು ಗೋಡೆಗೆ ಅಂಟಿಸುವುದು ರೂಢಿ. ವೇತನದ ಕಾನೂನಿನಲ್ಲಿ ದಂಡ ಆ ಅವಧಿಯ ಸಂಬಳದ ಶೇ 3 ಮೀರಬಾರದು, ಒಡೆದ ಸಾಮಾನಿಗೆ ಕಡಿತ ಮಾಡಬೇಕಾದರೆ ಅದು ಅವನ ಅಜಾಗ್ರತೆಯಿಂದಲೇ ಆಗಿರಬೇಕು ಮತ್ತು ಅವನ ಮಾತನ್ನು ಮೊದಲು ಕೇಳಿರಬೇಕು.

'ಖಾಡಾ', ಅಂದರೆ ಹೇಳದೆ ಕೇಳದೆ ಗೈರಾಗುವುದಕ್ಕೂ ಕ್ರಮವಿದೆ. ಮೊದಲ ಸಲ ಮಾತು, ಎರಡನೇ ಸಲ ಬರವಣಿಗೆ, ಮೂರನೇ ಸಲ ವಿಚಾರಣೆ. ಊರಿಗೆ ಹೋದವನು ದಿನಾಂಕ ದಾಟಿಯೂ ಬಾರದಿದ್ದರೆ ಮೂರನೇ ದಿನ ಫೋನು, ಎಂಟನೇ ದಿನ ಊರಿನ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ, ಹದಿನೈದು ದಿನ ಬಿಟ್ಟು ಇನ್ನೊಂದು. ಕೋಪದಲ್ಲಿ ಪುಸ್ತಕದಿಂದ ಹೆಸರು ಹೊಡೆದುಬಿಡಬೇಡಿ. ಹಾಗೆ ಹೆಸರು ಹೊಡೆಯುವುದನ್ನೇ ನ್ಯಾಯಾಲಯಗಳು ಕೆಲಸದಿಂದ ತೆಗೆದದ್ದೆಂದು ಪರಿಗಣಿಸಿದ್ದುಂಟು. ಆಗ ತಾನೇ ಬಿಟ್ಟುಹೋದವನಿಗೆ ನೀವು ಪರಿಹಾರ ಕೊಡಬೇಕಾದ ಸ್ಥಿತಿ ಬರುತ್ತದೆ. ಕೆಲಸಕ್ಕೆ ಸೇರುವಾಗಲೇ ಊರಿನ ಪೂರ್ತಿ ವಿಳಾಸ, ಮನೆಯವರ ಫೋನು ನಂಬರು ಬರೆಸಿಕೊಳ್ಳಿ.

8. ಓದಿ ಹೇಳಿ, ಸಹಿ ಹಾಕಿಸಿ

ಇಷ್ಟನ್ನೂ ಬರೆದರೆ ಐದಾರು ಪುಟ. ಕನ್ನಡದಲ್ಲಿ ಬರೆದು ಹಿಂದಿಗೆ ಮಾಡಿಸಿ. ಇನ್ಸ್‌ಪೆಕ್ಟರ್ ಬಂದಾಗ ತೋರಿಸಲು ಮರಾಠಿ ಪ್ರತಿಯೊಂದಿದ್ದರೆ ಒಳ್ಳೆಯದು. ಮಧ್ಯಾಹ್ನ ಮೂರಕ್ಕೆ, ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚೆ, ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದಿ. ಓದುವಾಗ ಯಾರಾದರೂ ನಕ್ಕರೆ ಆ ಸಾಲಿನ ಪಕ್ಕ ಗುರುತು ಹಾಕಿಕೊಳ್ಳಿ, ಅದು ನಿಮ್ಮ ಹೋಟೆಲಿನಲ್ಲಿ ನಡೆಯದ ನಿಯಮ. ತಿದ್ದಿದ ಮೇಲೆ ಪ್ರತಿಯೊಬ್ಬರ ಸಹಿ, ಒಂದು ಪ್ರತಿ ಅವರಿಗೇ.

ಮತ್ತೆ ಪ್ರತಿ ಮೂರು ತಿಂಗಳಿಗೊಮ್ಮೆ ಸಂಬಳದ ಚೀಟಿಯ ಜೊತೆ ಒಂದು ತುಂಡು ಕಾಗದ: ಸಾಂದರ್ಭಿಕ ಇಷ್ಟು, ಗಳಿಕೆ ಇಷ್ಟು, ಕಾಯಿಲೆ ಇಷ್ಟು ಉಳಿದಿದೆ. ಡಿಸೆಂಬರಿನ ಚೀಟಿಯಲ್ಲಿ ಮುಂದಿನ ವರ್ಷದ ಎಂಟು ಹಬ್ಬಗಳ ದಿನಾಂಕವನ್ನೂ, ಏಪ್ರಿಲ್-ಮೇ ರಜೆಗೆ ಅರ್ಜಿ ಕೊಡುವ ಕೊನೆಯ ದಿನವನ್ನೂ ಸೇರಿಸಿ.